ರಾತ್ರಿ 10:30ಕ್ಕೆ ತಳ್ಳಿದ ಧಾರಾವಾಹಿಯನ್ನು ಒಂದು ಪತ್ರದಿಂದ ಮಧ್ಯಾಹ್ನಕ್ಕೆ ತಂದೆ: ನನ್ನ ಅನುಭವ

ಚಾನಲ್‌ಗೆ ಪತ್ರ ಬರೆದು ಏನು ಸಿಗುತ್ತದೆ, ಅಂಚೆ ಖರ್ಚು ದಂಡ ಅಂತ ನಮ್ಮನೆಯವರಿಂದ ಹಿಡಿದು ಕೇಬಲ್ ಹುಡುಗನವರೆಗೆ ಎಲ್ಲರೂ ಹೇಳಿದ್ದರು. ಈಗ ನಮ್ಮ ಧಾರಾವಾಹಿಯ ಕಂತು ಮರುದಿನ ಮಧ್ಯಾಹ್ನ 1:30ಕ್ಕೆ ಇನ್ನೊಮ್ಮೆ ಬರುತ್ತದೆ. ಮೊದಲು ಅದಕ್ಕೆ ಮರುಪ್ರಸಾರವೇ ಇರಲಿಲ್ಲ. ಹೇಗೆ ಆಯಿತು ಅಂತ ಕೇಳುವವರು ಜಾಸ್ತಿ ಆದರು. ಪ್ರತಿಯೊಬ್ಬರಿಗೂ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡುವುದು ವಾಸಿ.

ಚಾನಲ್ ಹೆಸರು, ಧಾರಾವಾಹಿ ಹೆಸರು ಬೇಡ. ನಾನು ದಾವಣಗೆರೆಯಲ್ಲಿ ರೊಟ್ಟಿ ಕೇಂದ್ರ ನಡೆಸುತ್ತೇನೆ. ಏಳೆಂಟು ಜನ ಹೆಂಗಸರು ಕೆಲಸಕ್ಕೆ ಬರುತ್ತಾರೆ. ಖಾನಾವಳಿಗಳಿಗೆ ಹೊತ್ತಿಗೆ ಮುಂಚೆ ರೊಟ್ಟಿ ತಲುಪಬೇಕು, ಹಾಗಾಗಿ ಬೆಳಗಿನ ಜಾವ ನಾಲ್ಕಕ್ಕೆ ಒಲೆ ಹಚ್ಚುತ್ತೇವೆ. ಧಾರಾವಾಹಿ ಸಂಜೆ 7:30ಕ್ಕೆ ಇದ್ದಾಗ ನೋಡಿ, ಊಟ ಮಾಡಿ, ಒಂಬತ್ತೂವರೆಗೆ ಮಲಗುತ್ತಿದ್ದೆವು. ಆ ಜಾಗಕ್ಕೆ ಹೊಸ ಧಾರಾವಾಹಿ ಬಂತು. ನಮ್ಮದನ್ನು 10:30ಕ್ಕೆ ಎತ್ತಿಹಾಕಿದರು. ಆ ಸ್ಲಾಟ್ ಏನು ಅಂತ ಧಾರಾವಾಹಿ ನೋಡುವವರಿಗೆ ನಾನು ಹೇಳಬೇಕಿಲ್ಲ. ಅಲ್ಲಿಗೆ ಹೋದದ್ದು ಬಹುಪಾಲು ಮುಗಿಯುವುದಕ್ಕೇ ಹೋಗಿರುತ್ತದೆ.

ಮೊದಲು ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ಪ್ರೋಮೋ ಕೆಳಗೆ ಕಾಮೆಂಟ್ ಹಾಕಿದೆವು. ಅಲ್ಲಿ ನಮ್ಮ ಹಾಗೆ ಬೈಯುವವರು ನೂರಾರು ಜನ, ಅದರ ನಡುವೆ ನಾಯಕಿಯ ಸೀರೆ ಎಲ್ಲಿ ಸಿಗುತ್ತದೆ ಅಂತ ಕೇಳುವವರು ಇನ್ನಷ್ಟು. ಟಿವಿ ಕಂಪನಿ ಸಹಾಯವಾಣಿ ಅಂದುಕೊಂಡು ನಮ್ಮ ಹುಡುಗಿಯೊಬ್ಬಳು ಒಂದು ನಂಬರಿಗೆ ಫೋನ್ ಮಾಡಿದಳು. ಅದು ಡಿಟಿಎಚ್‌ನವರದು. ಅವರಿಗೆ ರೀಚಾರ್ಜ್ ಬಿಟ್ಟು ಬೇರೆ ಗೊತ್ತಿಲ್ಲ. ಆಮೇಲೆ ಪೋಸ್ಟ್ ಕಾರ್ಡ್. ಐವತ್ತು ಪೈಸೆಗೆ ಇಷ್ಟು ಅಗ್ಗದ ಆಯುಧ ಬೇರೆ ಇಲ್ಲ ಅಂತ ನೂರು ಕಾರ್ಡ್ ತಂದು, ಓಣಿಯವರ ಕೈಲೆಲ್ಲ ಒಂದೇ ಒಕ್ಕಣೆ ಬರೆಸಿ ಹಾಕಿದೆ. ಉತ್ತರ ಬರಲಿಲ್ಲ. ಮುಂದೆ ಚಾನಲ್‌ನವರು ಫೋನ್ ಮಾಡಿದಾಗ ನಾನು ಕಾರ್ಡ್ ಮಾತು ಎತ್ತಿದೆ. ‘ಒಂದೇ ಥರ ಇದ್ದವಲ್ಲ ಮೇಡಂ, ಯಾರೋ ಕೂತು ಬರೆಸಿದ್ದಾರೆ ಅಂದುಕೊಂಡು ಕಟ್ಟಿಟ್ಟೆವು’ ಅಂದರು. ಐವತ್ತು ರೂಪಾಯಿ ಹೋಯಿತು, ಆದರೆ ಈ ಮಾತು ಅಷ್ಟು ಬೆಲೆ ಬಾಳುತ್ತದೆ.

ನಡುವೆ ಇನ್ನೊಂದು ಪ್ರಯೋಗವೂ ಆಯಿತು. ಸಿಟ್ಟಿನಲ್ಲಿ ಆ ಚಾನಲ್ಲೇ ಬೇಡ, ತೆಗೆದುಹಾಕು ಅಂತ ಕೇಬಲ್ ಹುಡುಗನನ್ನು ಕರೆಸಿದೆ. ಅವನು ಲೆಕ್ಕ ಹಾಕಿ ತೋರಿಸಿದ. ‘ಅಕ್ಕಾ, ಇದೊಂದನ್ನು ಕಿತ್ತರೆ ಪ್ಯಾಕೇಜೇ ಒಡೆಯುತ್ತೆ. ಉಳಿದವನ್ನು ಬಿಡಿಬಿಡಿಯಾಗಿ ಹಾಕಿಸಿಕೊಂಡರೆ ಬಿಲ್ಲು ಇನ್ನೂ ಏರುತ್ತೆ’ ಅಂದ. ನಿಜವೇ. ಪ್ಯಾಕೇಜಿನಲ್ಲಿ ರಿಯಾಯಿತಿ ಕೊಟ್ಟಿರುತ್ತಾರೆ, ಬಿಡಿ ದರಕ್ಕೆ ಅದು ಇರುವುದಿಲ್ಲ. ನೋಡುವವರು ಹಣ ಜಾಸ್ತಿ ಕೊಟ್ಟು ಪ್ರತಿಭಟಿಸುವ ವ್ಯವಸ್ಥೆ ಇದು. ಬಿಟ್ಟುಬಿಟ್ಟೆ.

ಬಿಸಿಸಿಸಿಗೆ ದೂರು ಕೊಡಿ ಅಂತಲೂ ಒಬ್ಬರು ಹೇಳಿದರು. ಕಾರ್ಯಕ್ರಮದ ಬಗ್ಗೆ ದೂರಿದ್ದರೆ ಬರೆಯಿರಿ ಅಂತ ಪರದೆಯ ಕೆಳಗೆ ಪಟ್ಟಿ ಓಡುತ್ತದಲ್ಲ, ಆ ದೂರು ಸಮಿತಿಯೇ. ಅದು 2011ರಿಂದ ಇದೆ. 2021ರ ಕೇಬಲ್ ಟಿವಿ ನಿಯಮ ಬಂದ ಮೇಲೆ ಇಂಥ ದೂರಿಗೆ ಮೊದಲು ಚಾನಲ್ಲೇ 15 ದಿನದೊಳಗೆ ಉತ್ತರ ಕೊಡಬೇಕು. ಆದರೆ ಅದೆಲ್ಲ ಒಳಗಿನ ವಿಷಯಕ್ಕೆ. ಹಿಂಸೆ, ಅಶ್ಲೀಲ, ಮೂಢನಂಬಿಕೆ ಇಂಥವಕ್ಕೆ. ಯಾವ ಹೊತ್ತಿಗೆ ಹಾಕಬೇಕು ಅನ್ನುವುದು ಚಾನಲ್‌ನವರ ಇಷ್ಟ. ‘ವಿಲನ್ ಮಾಟ ಮಾಡಿಸುತ್ತಾಳಲ್ಲ, ಅದನ್ನೇ ಹಿಡಿದು ದೂರು ಕೊಡು, ಆಗ ನಮ್ಮ ಕಡೆ ತಿರುಗಿ ನೋಡ್ತಾರೆ’ ಅಂತ ಒಬ್ಬಳು ಉಪಾಯ ಹೇಳಿದಳು. ನಾನು ಒಪ್ಪಲಿಲ್ಲ. ಮೊದಲೇ ಒದ್ದಾಡುತ್ತಿರುವ ಧಾರಾವಾಹಿಯ ಮೇಲೆ ಅದರ ಅಭಿಮಾನಿಗಳೇ ದೂರು ಹಾಕಿದರೆ ಬೇಗ ಮುಗಿಸುವುದಕ್ಕೆ ನಾವೇ ನೆಪ ಕೊಟ್ಟ ಹಾಗೆ.

ಇನ್ನು ಕೆಲಸಕ್ಕೆ ಬಂದದ್ದು. ‘ನಾವು ನೋಡದಿದ್ದರೆ ನಿಮ್ಮ ಟಿಆರ್‌ಪಿ ಬೀಳುತ್ತದೆ’ ಅಂತ ಎಲ್ಲರೂ ಪತ್ರದಲ್ಲಿ ಬರೆಯುತ್ತಾರೆ. ಅದನ್ನು ಓದಿ ಅವರು ನಗುತ್ತಾರೆ. ಟಿಆರ್‌ಪಿ ಲೆಕ್ಕ ಹಾಕುವ ಬಾರ್ಕ್‌ನವರ ಮೀಟರ್ ಇರುವುದು ಇಡೀ ದೇಶದಲ್ಲಿ ಐವತ್ತು ಸಾವಿರ ಚಿಲ್ಲರೆ ಮನೆಗಳಲ್ಲಿ. ನಮ್ಮ ಓಣಿಯಲ್ಲಿ ಒಂದೂ ಇಲ್ಲ. ನಾವು ನೋಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ, ಅವರ ಅಂಕಿಯಲ್ಲಿ ಕೂದಲಷ್ಟೂ ವ್ಯತ್ಯಾಸ ಆಗುವುದಿಲ್ಲ. ಹಾಗಾದರೆ ಅವರಿಗೆ ಬೇಕಾದ್ದು, ನಮ್ಮ ಕಣ್ಣಿಗೂ ಕಾಣುವಂಥದ್ದು ಏನಿದೆ? ಜಾಹೀರಾತು.

ನನ್ನ ಮಗಳಿಗೆ ಕಾಲೇಜು ರಜೆ ಇತ್ತು. ಅವಳನ್ನು ಒಂದು ವಾರ ರಾತ್ರಿ ಕೂರಿಸಿದೆ. ಪ್ರತಿ ಬ್ರೇಕ್‌ನಲ್ಲಿ ಏನೇನು ಬಂತು ಅಂತ ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದಳು. 7:30ರಲ್ಲಿ ಸೋಪು, ಎಣ್ಣೆ, ಟೀ ಪುಡಿ, ಬಂಗಾರದಂಗಡಿ ಒಂದರ ಹಿಂದೆ ಒಂದು. 10:30ರ ಬ್ರೇಕ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಅದೇ ಚಾನಲ್‌ನ ಸ್ವಂತ ಪ್ರೋಮೋಗಳು. ಅಂದರೆ ಆ ಹೊತ್ತನ್ನು ಯಾರೂ ಕೊಳ್ಳುತ್ತಿಲ್ಲ ಅಂತ ಲೆಕ್ಕ. ಮಧ್ಯಾಹ್ನದ್ದನ್ನು ನಾನೇ ನೋಡಿದೆ, ರೊಟ್ಟಿ ಕೆಲಸ ಮುಗಿದು ಕೈ ತೊಳೆದು ಕೂರುವ ಹೊತ್ತು ಅದು. 1:30ಕ್ಕೆ ಎಂದೋ ಮುಗಿದ ಡಬ್ಬಿಂಗ್ ಧಾರಾವಾಹಿಯೊಂದರ ಮರುಪ್ರಸಾರ ಇತ್ತು. ಅಲ್ಲೂ ಬ್ರೇಕ್ ತುಂಬ ಪ್ರೋಮೋ.

ಅಲ್ಲಿಗೆ ಪತ್ರ ತಾನಾಗಿಯೇ ಸಿದ್ಧವಾಯಿತು. ವಾಪಸ್ 7:30ಕ್ಕೆ ತನ್ನಿ ಅಂತ ನಾನು ಕೇಳಲೇ ಇಲ್ಲ. ಅಲ್ಲಿ ಹೊಸದಕ್ಕೆ ದುಡ್ಡು ಸುರಿದಿರುತ್ತಾರೆ, ಅದನ್ನು ಕದಲಿಸುವುದಿಲ್ಲ. ಅವರಿಗೆ ಒಂದು ರೂಪಾಯಿ ಖರ್ಚಿಲ್ಲದೆ ಕೊಡಬಹುದಾದದ್ದನ್ನು ಕೇಳಿದೆ. ನಡುವಿನ ಭಾಗ ಹೀಗಿತ್ತು:

‘ನಾವು ಬೆಳಗಿನ ಜಾವ ನಾಲ್ಕಕ್ಕೆ ಏಳುವವರು. 10:30ಕ್ಕೆ ಎಚ್ಚರ ಇರಲು ಆಗುವುದಿಲ್ಲ. ಆ್ಯಪ್‌ನಲ್ಲಿ ನೋಡಿ ಎಂದು ನೀವು ಹೇಳಬಹುದು. ನಮ್ಮಲ್ಲಿ ಹಲವರ ಫೋನು ಮಕ್ಕಳ ಕೈಯಲ್ಲಿರುತ್ತದೆ, ಉಳಿದವರದು ಚಿಕ್ಕ ಪರದೆ, ಕೈಯಲ್ಲಿ ಹಿಟ್ಟು. ನಾವು ಎಂಟು ಜನ ಒಂದೇ ಟಿವಿಯಲ್ಲಿ ನೋಡುವವರು. ಮಧ್ಯಾಹ್ನ 1:30ಕ್ಕೆ ನೀವು ಈಗ ಹಾಕುತ್ತಿರುವುದು ಹಳೆಯ ಮರುಪ್ರಸಾರ. ಅದರ ಬ್ರೇಕ್‌ನಲ್ಲಿ ಒಂದು ವಾರ ನಾವು ಕಂಡ ಜಾಹೀರಾತುಗಳ ಪಟ್ಟಿ ಇದರ ಜೊತೆಗಿದೆ. ಆ ಜಾಗಕ್ಕೆ ಹಿಂದಿನ ರಾತ್ರಿಯ ಕಂತನ್ನು ಹಾಕಿ, ಒಂದು ತಿಂಗಳು ನೋಡಿ.’

ಈ ನಾಲ್ಕೈದು ಸಾಲಿನಲ್ಲಿ ಆ್ಯಪ್ ಮಾತು ಮುಖ್ಯ. ಅದನ್ನು ನಾವೇ ಮೊದಲು ಎತ್ತದಿದ್ದರೆ ಅವರ ಉತ್ತರ ಒಂದೇ ಸಾಲಿನದು: ಆ್ಯಪ್‌ನಲ್ಲಿ ನೋಡಿ. ಅಲ್ಲಿಗೆ ಮಾತು ಮುಗಿಯುತ್ತದೆ. ‘ಒಂದು ತಿಂಗಳು ನೋಡಿ’ ಅನ್ನುವುದೂ ಬೇಕಂತಲೇ ಹಾಕಿದ್ದು. ಕಾಯಂ ಬದಲಾವಣೆಗೆ ಸಹಿ ಹಾಕಲು ದೊಡ್ಡವರನ್ನೆಲ್ಲ ಕೇಳಬೇಕು. ಪ್ರಯೋಗ ಮಾಡಿ ನೋಡಲು ಸಣ್ಣವರೂ ಹೂಂ ಅನ್ನಬಹುದು.

ಪತ್ರ ಒಂದೇ ಪುಟ. ಜೊತೆಗೆ ಜಾಹೀರಾತಿನ ಪಟ್ಟಿ ಒಂದು ಪುಟ. ಮೂರನೆಯದು ಹೆಂಗಸರ ಹಾಳೆ. ಈ ಸಲ ಸಹಿ ತೆಗೆದುಕೊಳ್ಳಲಿಲ್ಲ. ಒಬ್ಬೊಬ್ಬರ ಕೈಲೂ ಅವರದೇ ಮಾತಿನಲ್ಲಿ ಎರಡೆರಡು ಸಾಲು ಬರೆಸಿದೆ. ಕೊನೆಯ ಬಾರಿ ನೋಡಿದ ಕಂತಿನಲ್ಲಿ ಏನಾಗಿತ್ತು, ಮುಂದೆ ಏನಾಯಿತು ಅಂತ ಯಾರನ್ನು ಕೇಳಿ ತಿಳಿದುಕೊಂಡೆ, ಇಷ್ಟೇ. ಒಬ್ಬಳು ‘ಮದುವೆ ನಿಂತಿದ್ದು ನೋಡೀನಿ, ಯಾಕೆ ನಿಂತಿತು ಗೊತ್ತಿಲ್ಲ’ ಅಂತ ಬರೆದಳು. ಅವಳ ಅಕ್ಷರ ನೋಡಿದರೆ ಕೋಳಿ ಕೆದರಿದ ಹಾಗೆ. ತಿದ್ದಲಿಲ್ಲ. ಫೋನ್ ಮಾಡಿದವರು ಆ ಸಾಲನ್ನೇ ಓದಿ ಹೇಳಿ ನಕ್ಕರು.

ಯಾವಾಗ ಹಾಕಬೇಕು ಅನ್ನುವುದಕ್ಕೂ ಲೆಕ್ಕ ಇದೆ. ಟಿಆರ್‌ಪಿ ಗುರುವಾರ ಬರುತ್ತದೆ. ಅವತ್ತು ಚಾನಲ್‌ನಲ್ಲಿ ಯಾರಿಗೂ ತಲೆ ಕೆರೆದುಕೊಳ್ಳಲೂ ಪುರುಸೊತ್ತು ಇರುವುದಿಲ್ಲ ಅಂತ ನನ್ನ ಎಣಿಕೆ. ಹಾಗಾಗಿ ಬೇರೆ ದಿನ ಕೈ ಸೇರುವ ಹಾಗೆ ಹಾಕಿದೆ. ಯಾವ ದಿನ ಅಂತ ಹೇಳುವುದಿಲ್ಲ, ಇನ್ನೂ ಒಂದೆರಡು ಪತ್ರ ಬರೆಯುವುದಿದೆ. ಲಕೋಟೆಯ ಮೇಲೆ ಯಾರ ಹುದ್ದೆ ಬರೆದೆ ಅನ್ನುವುದೂ ನನ್ನ ಹತ್ತಿರವೇ ಇರಲಿ. ಎಂಡಿಗೆ ಬರೆಯಬೇಡಿ ಅಂತ ಮಾತ್ರ ಹೇಳುತ್ತೇನೆ. ಆದಷ್ಟು ಬೇಗ ಬರೆಯಬೇಕು ಅನ್ನುವುದು ಇನ್ನೊಂದು. ಧಾರಾವಾಹಿ ಮುಗಿಸುವ ತೀರ್ಮಾನ ಆಗಿ, ಕಲಾವಿದರು ಬೇರೆ ಕಡೆ ಡೇಟ್ ಕೊಟ್ಟ ಮೇಲೆ ಯಾವ ಪತ್ರವೂ ನಡೆಯುವುದಿಲ್ಲ. ಕಥೆ ದಿಢೀರ್ ಅಂತ ಆರು ತಿಂಗಳು ಮುಂದೆ ಹಾರಿದರೆ, ಕಳೆದುಹೋದವರೆಲ್ಲ ಒಂದೇ ವಾರದಲ್ಲಿ ಸಿಕ್ಕರೆ, ಸುಮ್ನೆ ಬಿಟ್ಟುಬಿಡಿ.

ಖರ್ಚು ಕೇಳುವವರಿಗೆ: ರಿಜಿಸ್ಟರ್ಡ್ ಪೋಸ್ಟ್ ಈಗ ಪ್ರತ್ಯೇಕ ಇಲ್ಲ, 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ್ದಾರೆ. ಸ್ಪೀಡ್ ಪೋಸ್ಟ್‌ನಲ್ಲೇ ರಿಜಿಸ್ಟ್ರೇಷನ್ ಹಾಕಿಸಿದೆ, ಬೆಂಗಳೂರಿಗೆ ಅರವತ್ತರ ಆಸುಪಾಸು ಆಯಿತು. ಜೆರಾಕ್ಸ್, ಲಕೋಟೆ ಸೇರಿ ಇನ್ನೊಂದು ಇಪ್ಪತ್ತು. ಕಂಪ್ಯೂಟರ್ ಅಂಗಡಿಯವನು ಟೈಪ್ ಮಾಡಲು ಪುಟಕ್ಕೆ ನಲವತ್ತು ಕೇಳಿದ, ಮಗಳ ಕೈಲಿ ಬರೆಸಿದೆ. ಹಾಳಾದ ಕಾರ್ಡುಗಳು ಸೇರಿದರೂ ನೂರೈವತ್ತು ದಾಟಲಿಲ್ಲ. ಪ್ಯಾಕೇಜ್ ಒಡೆದಿದ್ದರೆ ಎರಡು ಮೂರು ತಿಂಗಳಲ್ಲೇ ಅಷ್ಟು ಹೋಗುತ್ತಿತ್ತು.

ತಿಂಗಳಾಗುತ್ತ ಬಂದಾಗ ಫೋನ್ ಬಂತು. ಕರೆ ಮಾಡಿದಾಕೆ ಕಾರ್ಯಕ್ರಮ ವಿಭಾಗದವರು. ಪಟ್ಟಿ ಮಾಡಿದ್ದು ಯಾರು, ನಿಮ್ಮ ಮನೆಯಲ್ಲಿ ಮೀಟರ್ ಇದೆಯಾ ಅಂತ ಕೇಳಿದರು. ಇಲ್ಲ ಅಂದೆ. ‘ಮಧ್ಯಾಹ್ನ ಹೆಂಗಸರು ಮಲಗುತ್ತಾರಲ್ವಾ ಮೇಡಂ?’ ಅಂದರು. ‘ನಾಲ್ಕಕ್ಕೆ ಎದ್ದವರು ಎರಡೂವರೆ ಆದ ಮೇಲೆ ಮಲಗುತ್ತಾರೆ, ಅದಕ್ಕೇ 1:30 ಕೇಳಿದ್ದು’ ಅಂದೆ. ಇಷ್ಟೇ ಮಾತು. ಏನೂ ಒಪ್ಪಿಕೊಳ್ಳಲಿಲ್ಲ. ಎರಡು ವಾರ ಕಳೆದ ಮೇಲೆ ಒಂದು ಸೋಮವಾರ ಪರದೆಯ ಕೆಳಗೆ ಪಟ್ಟಿ ಓಡಿತು, ಮಂಗಳವಾರದಿಂದ ಮಧ್ಯಾಹ್ನ 1:30ಕ್ಕೆ ಮರುಪ್ರಸಾರ ಅಂತ. ನನ್ನ ಪತ್ರದಿಂದಲೇ ಆಯಿತೋ, ಅವರೇ ಮೊದಲೇ ಯೋಚಿಸಿದ್ದರೋ ಅಂತ ನಮ್ಮನೆಯವರು ಈಗಲೂ ಅನುಮಾನ ತೆಗೆಯುತ್ತಾರೆ. ಹೊತ್ತೂ ಅದೇ, ಹಳೆಯ ಡಬ್ಬಿಂಗ್ ಧಾರಾವಾಹಿಯ ಜಾಗವೂ ಅದೇ. ಅನುಮಾನ ಪಡುವವರು ಪಡಲಿ.

ಮೊನ್ನೆ ಮಧ್ಯಾಹ್ನದ ಬ್ರೇಕ್‌ನಲ್ಲಿ ಒಂದು ಸೋಪು, ಒಂದು ಮಸಾಲೆ ಪುಡಿ ಬಂತು. ಮಗಳು ಬರೆದಿಟ್ಟುಕೊಂಡಿದ್ದಾಳೆ. ಪಕ್ಕದ ಮನೆಯವರ ಧಾರಾವಾಹಿ ಹನ್ನೊಂದಕ್ಕೆ ಹೋಗಿದೆಯಂತೆ, ನಂಗೊಂದು ಪತ್ರ ಬರೆದುಕೊಡಿ ಅಂತ ಬಂದಿದ್ದರು. ಮೊದಲು ಒಂದು ವಾರ ಹನ್ನೊಂದರವರೆಗೆ ಎಚ್ಚರ ಇದ್ದು ಜಾಹೀರಾತು ಬರೆದುಕೊಂಡು ಬನ್ನಿ ಅಂತ ಕಳಿಸಿದ್ದೇನೆ.