ಎರಡು ಫೋಟೊಗಳಲ್ಲಿ ತಿದ್ದಿದ್ದು ಯಾವುದು? ಕಂಡುಹಿಡಿಯುವುದು ಹೀಗೆ

ನಿಮ್ಮ ಮುಂದೆ ಎರಡು ಫೋಟೊಗಳಿವೆ. ಮೇಲ್ನೋಟಕ್ಕೆ ಎರಡೂ ಒಂದೇ. ಒಂದು ಕ್ಯಾಮೆರಾದಿಂದ ಬಂದ ಹಾಗೇ ಇದೆ, ಇನ್ನೊಂದನ್ನು ಯಾರೋ ತಿದ್ದಿದ್ದಾರೆ. ಇಲ್ಲಿ ಎರಡು ಕೆಲಸಗಳಿವೆ. ವ್ಯತ್ಯಾಸ ಎಲ್ಲೆಲ್ಲಿದೆ ಎಂದು ಹುಡುಕುವುದು ಮೊದಲನೆಯದು. ಅದಕ್ಕೆ ಐದು ನಿಮಿಷ ಸಾಕು. ತಿದ್ದಿದ್ದು ಯಾವುದು ಎಂದು ಹೇಳುವುದು ಎರಡನೆಯದು, ಜಾಸ್ತಿ ಯೋಚನೆ ಬೇಡುವುದೂ ಅದೇ. ಒಂದರಲ್ಲಿ ಪೆನ್ನಿದೆ, ಇನ್ನೊಂದರಲ್ಲಿ ಇಲ್ಲ ಅಂದುಕೊಳ್ಳಿ. ಇದ್ದ ಪೆನ್ನನ್ನು ಅಳಿಸಿರಬಹುದು. ಇಲ್ಲದ ಪೆನ್ನನ್ನು ತಂದು ಕೂರಿಸಿರಲೂಬಹುದು, ಅಲ್ವಾ?

ಗೆಳೆಯರೊಬ್ಬರು ನನ್ನನ್ನು ಪರೀಕ್ಷಿಸಲೆಂದೇ ಕಳಿಸಿದ ಒಂದು ಜೋಡಿಯನ್ನು ಇಟ್ಟುಕೊಂಡು ಹೇಳುತ್ತೇನೆ. ಮರದ ಮೇಜು, ಹಿಂದೆ ಬಿಳಿ ಗೋಡೆ. ಮೇಜಿನ ಎಡ ಹಿಂಬದಿಯ ಮೂಲೆಯಲ್ಲಿ ಉರಿಯುತ್ತಿರುವ ಟೇಬಲ್ ಲ್ಯಾಂಪ್. ನಡುವೆ ಒಂದು ಸ್ಟೀಲ್ ಲೋಟ, ಅದರ ಬಲಕ್ಕೆ ಮಲಗಿಸಿಟ್ಟ ಪುಸ್ತಕ. ಬಲ ಅಂಚಿನ ಹತ್ತಿರ ಒಂದು ಪುಟ್ಟ ಡಬ್ಬಿ. ಅವರು ಹೇಳಿದ್ದು ಇಷ್ಟೇ: "ಒಂದನ್ನು ತಿದ್ದಿದ್ದೇನೆ, ಯಾವುದು ಹೇಳಿ."

ಮೊದಲು ವ್ಯತ್ಯಾಸ ಹುಡುಕಿ

ಎರಡನ್ನೂ ಅಕ್ಕಪಕ್ಕ ಇಟ್ಟು ಕಣ್ಣನ್ನು ಆಚೀಚೆ ಓಡಿಸಬೇಡಿ. ಕಣ್ಣು ಒಂದರಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮನಸ್ಸು ಸಣ್ಣ ವಿವರಗಳನ್ನು ಬಿಟ್ಟುಬಿಡುತ್ತದೆ. ಎರಡನ್ನೂ ಒಂದೇ ಅಳತೆಗೆ ತನ್ನಿ, ಒಂದೇ ಜಾಗದಲ್ಲಿ ಒಂದರ ನಂತರ ಒಂದು ಬರುವಂತೆ ತೋರಿಸಿ. ಕಂಪ್ಯೂಟರಿನಲ್ಲಾದರೆ ಎರಡು ಫೈಲುಗಳನ್ನೂ ಒಂದೇ ಫೋಲ್ಡರಿನಲ್ಲಿಟ್ಟು ಬಾಣದ ಕೀಲಿಯನ್ನು ಬೇಗ ಬೇಗ ಒತ್ತಿದರೆ ಆಯಿತು. ಬದಲಾಗದ ಭಾಗ ಸ್ಥಿರವಾಗಿ ನಿಲ್ಲುತ್ತದೆ. ಬದಲಾದ ಭಾಗ ಮಿಟುಕುತ್ತದೆ ಅಥವಾ ನೆಗೆಯುತ್ತದೆ.

ಇದು ಹಳೆಯ ಉಪಾಯ. 1930ರಲ್ಲಿ ಕ್ಲೈಡ್ ಟಾಂಬೋ ಪ್ಲೂಟೊವನ್ನು ಕಂಡುಹಿಡಿದಿದ್ದು ಹೀಗೆಯೇ. ಅಮೆರಿಕದ ಲೊವೆಲ್ ವೀಕ್ಷಣಾಲಯದಲ್ಲಿ ಕೆಲವು ದಿನಗಳ ಅಂತರದಲ್ಲಿ ತೆಗೆದ ಆಕಾಶದ ಎರಡು ಫೋಟೊಗಳನ್ನು ಅವರು ಒಂದು ಯಂತ್ರದಲ್ಲಿ ಅದಲುಬದಲು ಮಾಡಿ ನೋಡುತ್ತಿದ್ದರು. ಸಾವಿರಾರು ನಕ್ಷತ್ರಗಳ ನಡುವೆ ಒಂದು ಚುಕ್ಕೆ ಮಾತ್ರ ಜಾಗ ಬದಲಿಸಿತ್ತು.

ಒಂದು ಎಚ್ಚರಿಕೆ ಬೇಕು. ಎರಡು ಚಿತ್ರಗಳ ನಡುವೆ ಖಾಲಿ ಪರದೆ ಬರಬಾರದು. ಮೊಬೈಲಿನಲ್ಲಿ ಬೆರಳಿನಿಂದ ಸರಿಸಿದಾಗ ಇಡೀ ಚಿತ್ರ ಜಾರಿಕೊಂಡು ಹೋಗುತ್ತದಲ್ಲ, ಅದೂ ಆಗಬಾರದು. 1997ರಲ್ಲಿ ರೊನಾಲ್ಡ್ ರೆನ್ಸಿಂಕ್ ಮತ್ತು ಸಂಗಡಿಗರು ಇದನ್ನು ಪ್ರಯೋಗ ಮಾಡಿ ತೋರಿಸಿದರು. ನಡುವೆ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಖಾಲಿ ಪರದೆ ಬಂದರೂ ಸಾಕು, ದೊಡ್ಡ ಬದಲಾವಣೆಯನ್ನೂ ಜನ ಎಷ್ಟೋ ಹೊತ್ತು ಗುರುತಿಸುವುದಿಲ್ಲ.

ಕಣ್ಣಿಗೆ ನಂಬಿಕೆ ಸಾಲದಿದ್ದರೆ GIMP ಎಂಬ ಉಚಿತ ತಂತ್ರಾಂಶ ಇದೆ. ಅದರಲ್ಲಿ Open as Layers ಮೂಲಕ ಎರಡೂ ಚಿತ್ರಗಳನ್ನು ಒಂದರ ಮೇಲೊಂದು ತೆರೆಯಿರಿ. ಮೇಲಿನ ಪದರದ Mode ಅನ್ನು Difference ಮಾಡಿ. ಎರಡೂ ಒಂದೇ ಇರುವ ಕಡೆ ಪೂರ್ತಿ ಕಪ್ಪು, ಬೇರೆ ಇರುವ ಕಡೆ ಬೆಳಕು. ವಸ್ತುಗಳ ಅಂಚುಗಳೆಲ್ಲ ಗೆರೆ ಎಳೆದಂತೆ ಹೊಳೆದರೆ ಗಾಬರಿ ಬೇಡ, ಒಂದು ಚಿತ್ರ ಒಂದೆರಡು ಪಿಕ್ಸೆಲ್ ಪಕ್ಕಕ್ಕೆ ಸರಿದಿದೆ ಅಷ್ಟೇ. ಮೇಲಿನ ಪದರವನ್ನು ಸ್ವಲ್ಪ ಜರುಗಿಸಿ ಕೂಡಿಸಿ. ಇಡೀ ಚಿತ್ರದ ಮೇಲೆ ಮಂಕಾದ ಧೂಳಿನಂಥ ಚುಕ್ಕೆಗಳಿದ್ದರೆ ಅದು ಜೆಪೆಗ್ ಫೈಲನ್ನು ಮತ್ತೆ ಉಳಿಸಿದಾಗ ಬರುವ ಕಲೆ. ನಿಜವಾಗಿ ತಿದ್ದಿದ ಜಾಗ ಹಾಗೆ ಹರಡಿಕೊಳ್ಳುವುದಿಲ್ಲ. ಅದು ಒಂದು ಆಕಾರವಾಗಿ, ಗುಂಪಾಗಿ ಕಾಣುತ್ತದೆ.

ನನ್ನ ಜೋಡಿಯಲ್ಲಿ ನಾಲ್ಕು ಕಡೆ ಬೆಳಕು ಕಂಡಿತು, ವ್ಯತ್ಯಾಸಗಳು ಮಾತ್ರ ಮೂರು. ಮೊದಲನೇ ಚಿತ್ರದಲ್ಲಿ ಡಬ್ಬಿ ಬಲ ಅಂಚಿನಲ್ಲಿತ್ತು, ಎರಡನೆಯದರಲ್ಲಿ ಲ್ಯಾಂಪಿನ ನೇರ ಮುಂದೆ, ಮೇಜಿನ ಈಚೆ ಬದಿಯಲ್ಲಿತ್ತು. ಪುಸ್ತಕ ಮೊದಲನೆಯದರಲ್ಲಿ ಕೆಂಪು, ಎರಡನೆಯದರಲ್ಲಿ ಹಸಿರು. ಮೊದಲನೆಯದರಲ್ಲಿ ಲೋಟದ ಮುಂದೆ ಒಂದು ನೀಲಿ ಪೆನ್ನಿತ್ತು, ಎರಡನೆಯದರಲ್ಲಿ ಇರಲಿಲ್ಲ.

ಇಲ್ಲಿಗೆ ಮೊದಲ ಕೆಲಸ ಮುಗಿಯಿತು. ಆದರೆ ಉತ್ತರ ಇನ್ನೂ ಸಿಕ್ಕಿಲ್ಲ.

ಜಾಗ ಬದಲಿಸಿದ ವಸ್ತು

ಫೋಟೊದಲ್ಲಿರುವ ಯಾವ ವಸ್ತುವೂ ಒಂಟಿಯಲ್ಲ. ಅದಕ್ಕೊಂದು ನೆರಳಿರುತ್ತದೆ. ಹೊಳೆಯುವ ಮೈಗಳಲ್ಲಿ ಅದರ ಪ್ರತಿಬಿಂಬ ಇರುತ್ತದೆ. ಅದರ ಬಣ್ಣ ಪಕ್ಕದ ವಸ್ತುಗಳ ಮೇಲೆ ತುಸು ಚೆಲ್ಲಿರುತ್ತದೆ. ತಿದ್ದುವವರ ಗಮನವೆಲ್ಲ ವಸ್ತುವಿನ ಮೇಲೆ. ಈ ಜೊತೆಗಾರರನ್ನು ಅವರು ಮರೆಯುತ್ತಾರೆ. ನಾವು ನೋಡಬೇಕಾದದ್ದು ಅವರನ್ನೇ.

ಡಬ್ಬಿಯ ನೆರಳನ್ನು ನೋಡಿ. ಎರಡನೇ ಚಿತ್ರದಲ್ಲಿ ಡಬ್ಬಿಗೆ ನೆರಳು ಇತ್ತು. ಸುಮ್ನೆ ನೋಡಿದರೆ ಎಲ್ಲವೂ ಸರಿ ಅನಿಸುತ್ತದೆ. ಆದರೆ ಆ ನೆರಳು ಬಲಕ್ಕೆ ಬಿದ್ದಿತ್ತು. ಲ್ಯಾಂಪ್ ಡಬ್ಬಿಯ ನೇರ ಹಿಂದಿರುವಾಗ ನೆರಳು ನಮ್ಮ ಕಡೆಗೆ ಬರಬೇಕು. ಡಬ್ಬಿ ಬಲ ಅಂಚಿನಲ್ಲಿದ್ದಾಗ ಮಾತ್ರ ನೆರಳು ಬಲಕ್ಕೆ ಬೀಳುವುದು ಸರಿ. ಅಂದರೆ ಡಬ್ಬಿಯನ್ನು ನೆರಳಿನ ಸಮೇತ ಕತ್ತರಿಸಿ ಹೊಸ ಜಾಗದಲ್ಲಿ ಅಂಟಿಸಿದ್ದಾರೆ. ದೀಪ ಹತ್ತಿರವಿದ್ದಾಗ ನೆರಳುಗಳು ಚಕ್ರದ ಕಡ್ಡಿಗಳ ಹಾಗೆ ಹರಡಿಕೊಳ್ಳುತ್ತವೆ. ಜಾಗ ಬದಲಾದರೆ ನೆರಳಿನ ದಿಕ್ಕೂ ತಿರುಗಲೇಬೇಕು.

ಅನುಮಾನ ಇದ್ದರೆ ಸ್ಕೇಲ್ ತೆಗೆದುಕೊಳ್ಳಿ. ನೆರಳಿನ ಒಂದು ಮೂಲೆಯಿಂದ, ಆ ನೆರಳನ್ನು ಬೀಳಿಸಿದ ವಸ್ತುವಿನ ಅದೇ ಮೂಲೆಯ ಮೂಲಕ ಗೆರೆ ಎಳೆಯಿರಿ. ಅದನ್ನು ಮುಂದುವರಿಸಿದರೆ ದೀಪದ ಬಲ್ಬನ್ನು ಮುಟ್ಟಬೇಕು. ಲೋಟದ ಗೆರೆ, ಪುಸ್ತಕದ ಗೆರೆ ಎರಡೂ ಬಲ್ಬಿಗೇ ಹೋದವು. ಎರಡನೇ ಚಿತ್ರದ ಡಬ್ಬಿಯ ಗೆರೆ ಮಾತ್ರ ಎಲ್ಲೋ ಖಾಲಿ ಗೋಡೆಯ ಕಡೆ ಹೋಯಿತು. ಕೋಣೆಯಲ್ಲಿ ಎರಡು ದೀಪಗಳಿದ್ದರೆ ಈ ಲೆಕ್ಕ ಗೊಂದಲವಾಗುತ್ತದೆ. ಪ್ರತಿ ವಸ್ತುವಿಗೂ ಎರಡು ನೆರಳು ಬೀಳುವುದರಿಂದ ಯಾವುದು ಯಾವ ದೀಪದ್ದು ಎಂದು ಮೊದಲೇ ಬೇರೆ ಮಾಡಿಕೊಳ್ಳಬೇಕು. ಮೋಡದ ದಿನದ ಹೊರಾಂಗಣ ಫೋಟೊದಲ್ಲಿ ನೆರಳಿನ ಅಂಚೇ ಇರುವುದಿಲ್ಲ, ಅಲ್ಲಿ ಈ ಉಪಾಯ ನಡೆಯುವುದಿಲ್ಲ.

ಗಾತ್ರವನ್ನೂ ಅಳೆಯಿರಿ. ಎರಡೂ ಚಿತ್ರಗಳಲ್ಲಿ ಡಬ್ಬಿಯ ಅಗಲ ಒಂದೇ ಇತ್ತು. ಕ್ಯಾಮೆರಾಕ್ಕೆ ಹತ್ತಿರ ಬಂದ ಡಬ್ಬಿ ದೊಡ್ಡದಾಗಿ ಕಾಣಬೇಕಿತ್ತು. ಆಮೇಲೆ ವಸ್ತು ಬಿಟ್ಟುಹೋದ ಜಾಗಕ್ಕೆ ಬನ್ನಿ. ಬಲ ಅಂಚಿನಲ್ಲಿ ಮರದ ಎರಡು ಗಂಟುಗಳು ಸ್ವಲ್ಪ ದೂರದಲ್ಲಿದ್ದವು, ಬಿರುಕು ಸಮೇತ ಒಂದರ ನಕಲು ಇನ್ನೊಂದು. ಮರದಲ್ಲಿ ಹಾಗೆ ಆಗುವುದಿಲ್ಲ. ಪಕ್ಕದ ತುಂಡನ್ನು ನಕಲು ಮಾಡಿ ತೂತು ಮುಚ್ಚಿದ್ದರು. 2006ರಲ್ಲಿ ಬೈರೂತ್ ನಗರದ ಮೇಲಿನ ಹೊಗೆಯ ಒಂದು ಫೋಟೊವನ್ನು ರಾಯಿಟರ್ಸ್ ಸುದ್ದಿಸಂಸ್ಥೆ ವಾಪಸ್ ಪಡೆಯಬೇಕಾಗಿ ಬಂತು. ಅಲ್ಲಿಯೂ ಸಿಕ್ಕಿಬಿದ್ದದ್ದು ಇಂಥದ್ದೇ ಕಾರಣಕ್ಕೆ. ಹೊಗೆಯ ಒಂದೇ ಸುರುಳಿ ಮತ್ತೆ ಮತ್ತೆ ಬಂದಿತ್ತು.

ಬಣ್ಣ ಬದಲಾದರೆ

ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಬದಲಾಗಿರುವುದು ಇಡೀ ಚಿತ್ರದ ಬಣ್ಣವೋ, ಒಂದು ವಸ್ತುವಿನದ್ದೋ? ಬಿಳಿ ಗೋಡೆಯೂ ಹಳದಿಗೆ ತಿರುಗಿದ್ದರೆ ಅದು ಫೋನಿನ ಸೆಟ್ಟಿಂಗ್ ಅಥವಾ ಫಿಲ್ಟರಿನ ಕೆಲಸ ಇರಬಹುದು. ಮೂಲ ಯಾವುದು ಎಂದು ಬಣ್ಣ ನೋಡಿಯೇ ಹೇಳಲಾಗದು. ಗೋಡೆ ಹಾಗೆಯೇ ಇದ್ದು ಪುಸ್ತಕ ಮಾತ್ರ ಬದಲಾಗಿದ್ದರೆ ಯಾರೋ ಅದನ್ನೇ ಆರಿಸಿ ಬದಲಿಸಿದ್ದಾರೆ.

ನನ್ನ ಕೈ ಹಿಡಿದದ್ದು ಸ್ಟೀಲ್ ಲೋಟ. ಲೋಟದ ಬಲಭಾಗದಲ್ಲಿ ಪಕ್ಕದ ಪುಸ್ತಕದ ಪ್ರತಿಬಿಂಬ ಉದ್ದನೆಯ ಪಟ್ಟಿಯಾಗಿ ಬಿದ್ದಿತ್ತು. ಎರಡನೇ ಚಿತ್ರದಲ್ಲಿ ಪುಸ್ತಕ ಹಸಿರು, ಆದರೆ ಲೋಟದಲ್ಲಿ ಕೆಂಪು ಪಟ್ಟಿ! ಇಂಥ ಕಡೆ ನಾಲ್ಕು ಪಟ್ಟು ದೊಡ್ಡದು ಮಾಡಿ ನೋಡಿ. ಲೋಹ, ಗಾಜು, ಕನ್ನಡಕ, ನೀರು, ಕಣ್ಣಿನ ಪಾಪೆ ಎಲ್ಲವೂ ಸಾಕ್ಷಿ ಹೇಳುತ್ತವೆ. ಹೊಳೆಯುವ ವಸ್ತು ಇಲ್ಲದಿದ್ದರೆ ಅಂಚನ್ನು ನೋಡಿ. ಬದಲಿಸಿದ ಬಣ್ಣ ವಸ್ತುವಿನ ಗಡಿಯವರೆಗೆ ಸರಿಯಾಗಿ ಹೋಗುವುದು ಕಡಿಮೆ. ಪುಸ್ತಕದ ಅಂಚಿನಲ್ಲಿ ಕೂದಲೆಳೆಯಷ್ಟು ಕೆಂಪು ಉಳಿದಿತ್ತು.

ಕಾಣೆಯಾದದ್ದೋ, ಸೇರಿಸಿದ್ದೋ?

ಪೆನ್ನಿನ ಪ್ರಶ್ನೆಗೆ ಈಗ ಉತ್ತರ ಸುಲಭ. ಎರಡನೇ ಚಿತ್ರದ ಲೋಟದ ಕೆಳಭಾಗದಲ್ಲಿ ಸಣ್ಣ ನೀಲಿ ಗೆರೆ ಇತ್ತು. ಮೇಜಿನ ಮೇಲೆ ಪೆನ್ನಿಲ್ಲ, ಲೋಟದಲ್ಲಿ ಪೆನ್ನಿದೆ. ಹಾಗಾದರೆ ಅಳಿಸಿದ್ದಾರೆ. ಅದೇ ಮೊದಲನೇ ಚಿತ್ರದಲ್ಲಿ ಮೇಜಿನ ಮೇಲೆ ಪೆನ್ನಿದ್ದು ಲೋಟದಲ್ಲಿ ಇರದಿದ್ದರೆ, ನೆರಳೂ ಇರದಿದ್ದರೆ, ಪೆನ್ನು ಹೊರಗಿನಿಂದ ಬಂದದ್ದು ಎನ್ನಬೇಕಿತ್ತು.

ಇಷ್ಟಾದರೂ ಎರಡು ವಿಷಯಗಳಲ್ಲಿ ಮೋಸ ಹೋಗಬೇಡಿ. ಸ್ಪಷ್ಟವಾಗಿರುವುದೇ ಮೂಲ ಎಂದು ತುಂಬಾ ಜನ ನಂಬುತ್ತಾರೆ. ಹಾಗೇನಿಲ್ಲ. ಮೂಲ ಫೋಟೊ ವಾಟ್ಸ್‌ಆ್ಯಪಿನಲ್ಲಿ ನಾಲ್ಕಾರು ಕೈ ದಾಟಿ ಮಂಕಾಗಿರಬಹುದು, ತಿದ್ದಿದ್ದು ನೇರವಾಗಿ ಬಂದು ಚೆನ್ನಾಗಿ ಕಾಣಬಹುದು. ಫೈಲಿನ ತಾರೀಖೂ ಅಷ್ಟೇ, ಅದು ನಿಮ್ಮ ಫೋನಿಗೆ ಬಂದ ದಿನವೂ ಆಗಿರಬಹುದು. ಇನ್ನೊಂದು, ಎರಡನ್ನೂ ತಿದ್ದದೇ ಇರಲೂಬಹುದು. ಒಂದೆರಡು ಸೆಕೆಂಡಿನ ಅಂತರದಲ್ಲಿ ತೆಗೆದ ಎರಡು ಫೋಟೊಗಳೂ ಹೀಗೆ ಕಾಣುತ್ತವೆ. ಕೈಯಲ್ಲಿ ಹಿಡಿದು ತೆಗೆದದ್ದಾದರೆ ಹತ್ತಿರದ ವಸ್ತುಗಳೆಲ್ಲ ಹಿಂದಿನ ಗೋಡೆಗೆ ಹೋಲಿಸಿದರೆ ತುಸು ಸರಿದಿರುತ್ತವೆ. ಆಗ ಪೆನ್ನನ್ನು ಯಾರೋ ಕೈಯಿಂದಲೇ ಎತ್ತಿಕೊಂಡಿರಬಹುದು.

ಮೂರೂ ಸುಳಿವುಗಳು ಎರಡನೇ ಚಿತ್ರವನ್ನೇ ತೋರಿಸಿದವು. ಗೆಳೆಯರಿಗೆ ಹಾಗೆಂದು ಬರೆದೆ. ಅವರು ಒಪ್ಪಿಕೊಂಡು, "ಗೋಡೆಯ ಮೇಲಿನ ಮೊಳೆ?" ಎಂದು ಕೇಳಿದರು. ಮೊಳೆ ಎರಡರಲ್ಲೂ ಇರಲಿಲ್ಲ. ಕಳಿಸುವ ಮೊದಲೇ ಎರಡರಿಂದಲೂ ಅಳಿಸಿದ್ದರಂತೆ. ಇನ್ನೊಂದು ಚಿತ್ರದ ಜೊತೆ ಹೋಲಿಸುವ ಉಪಾಯಕ್ಕೆ ಇದು ಸಿಗುವುದೇ ಇಲ್ಲ. ಅವರು ಮೊಳೆ ಅಳಿಸಿ ಇಟ್ಟುಕೊಂಡಿದ್ದ ದೊಡ್ಡ ಫೈಲುಗಳನ್ನೇ ತರಿಸಿಕೊಂಡು ಗೋಡೆಯನ್ನು ಹಿಗ್ಗಿಸಿ ನೋಡಿದೆ. ಗೋಡೆಯುದ್ದಕ್ಕೂ ಕ್ಯಾಮೆರಾದ ಸಣ್ಣ ಮರಳಿನಂಥ ಕಾಳು ಇತ್ತು. ಒಂದು ಕಡೆ ಉಗುರಿನಷ್ಟು ಜಾಗ ಮಾತ್ರ ನುಣ್ಣಗಿತ್ತು. ವಾಟ್ಸ್‌ಆ್ಯಪಿನಲ್ಲಿ ಬಂದ ಪ್ರತಿಯಲ್ಲಿ ಇಡೀ ಗೋಡೆಯೇ ಹಾಗೆ ನುಣ್ಣಗಿತ್ತು.