ಕಣ್ಣು ಮುಚ್ಚಿದ ಮರಿಯೆಲ್ಲ ವಾರದ ಮರಿಯಲ್ಲ

ಗಂಗಾವತಿಯ ಅಕ್ಕಿ ಮಿಲ್ಲೊಂದರಲ್ಲಿ ಚೀಲದ ಸಂದಿಯಲ್ಲಿ ಸಿಕ್ಕ ಬೆಕ್ಕಿನ ಮರಿಯ ಫೋಟೋ ವಾಟ್ಸಾಪಿಗೆ ಬಂತು. "ಇನ್ನಾ ಕಣ್ಣ ಬಿಟ್ಟಿಲ್ರಿ ಅಕ್ಕಾರ, ಐದಾರು ದಿನದ್ದು ಇರಬೇಕ್ರಿ" ಅಂತ ಜೊತೆಗೊಂದು ಮಾತು. ನಾನು ಕಣ್ಣಿನ ಬದಲು ಮೊದಲು ಕಿವಿ ನೋಡಿದೆ. ಎರಡೂ ನೆಟ್ಟಗೆ ನಿಂತಿದ್ದವು.

ಹುಟ್ಟಿದ ಮರಿಯ ಕಿವಿ ಮಡಚಿ ತಲೆಗೆ ಅಂಟಿಕೊಂಡಿರುತ್ತದೆ. ಕಣ್ಣು 7ರಿಂದ 14 ದಿನದೊಳಗೆ ತೆರೆಯುತ್ತದೆ, ಕಿವಿ ಪೂರ್ತಿ ನಿಲ್ಲುವ ಹೊತ್ತಿಗೆ ಸುಮಾರು ಮೂರು ವಾರ ಆಗಿರುತ್ತದೆ. ಕಿವಿ ನಿಂತ ಮೇಲೂ ಕಣ್ಣು ಮುಚ್ಚಿದೆ ಅಂದರೆ ಅದು ವಯಸ್ಸಿನ ಗುರುತಲ್ಲ, ಅಂಟಿಕೊಂಡ ಕಣ್ಣು. ಫೋಟೋ ದೊಡ್ಡದು ಮಾಡಿ ನೋಡಿದರೆ ಮೂಗಿನ ಕಡೆಯ ಮೂಲೆಯಲ್ಲಿ ಹಳದಿ ಪಿಸುರು ಒಣಗಿ ಕೂತಿತ್ತು, ರೆಪ್ಪೆ ಉಬ್ಬಿತ್ತು. ಎಳೆ ಮರಿಯ ಮುಚ್ಚಿದ ರೆಪ್ಪೆ ಹಾಗಿರುವುದಿಲ್ಲ. ಒಂದು ತೆಳ್ಳನೆಯ ಒಣ ಗೆರೆ, ಅಷ್ಟೆ.

ಆಮೇಲೆ ಇನ್ನೆರಡು ಫೋಟೋ ಕೇಳಿದೆ. ಒಂದು, ಬಾಗಿಲ ಬೆಳಕಿನಲ್ಲಿ ಮೇಲ್ದುಟಿ ಹೆಬ್ಬೆರಳಿಂದ ಎತ್ತಿ ಹಿಡಿದದ್ದು. ಮರಿ ಅಲ್ಲಾಡುವುದರಿಂದ ಹತ್ತು ಸೆಕೆಂಡ್ ವಿಡಿಯೋ ಮಾಡಿ ಅದರಿಂದ ಸ್ಕ್ರೀನ್‌ಶಾಟ್ ತೆಗೆಯುವುದೇ ಸುಲಭ. ಇನ್ನೊಂದು, ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಟ್ಟು ಮೇಲಿಂದ ತೆಗೆದದ್ದು. ನಾಣ್ಯದ ಅಗಲ 27 ಮಿ.ಮೀ. ಮರಿ, ನಾಣ್ಯ ಎರಡೂ ನೆಲದ ಮೇಲೇ ಇರಬೇಕು. ಅಂಗೈಯಲ್ಲಿ ಎತ್ತಿ ಹತ್ತಿರದಿಂದ ತೆಗೆದರೆ ಮರಿ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ತಲೆಯಂತೂ ಮತ್ತಷ್ಟು.

ಬಾಯಲ್ಲಿ ಮುಂದಿನ ಸಣ್ಣ ಹಲ್ಲುಗಳು ಅಕ್ಕಿ ನುಚ್ಚಿನ ಹಾಗೆ ಸಾಲಾಗಿ ಬಂದಿದ್ದವು. ಇವು ಎರಡರಿಂದ ಮೂರು ವಾರದಲ್ಲಿ ಮೂಡುತ್ತವೆ. ಪಕ್ಕದ ಕೋರೆಹಲ್ಲುಗಳ ಚೂಪು ತುದಿ ಆಗಷ್ಟೇ ವಸಡಿನಿಂದ ಹೊರಗೆ ಬಂದಿತ್ತು, ಅದು ಮೂರರಿಂದ ನಾಲ್ಕು ವಾರದ ಲಕ್ಷಣ. ಅದರ ಹಿಂದಿನ ವಸಡು ಬೋಳಾಗಿತ್ತು. ದವಡೆ ಹಲ್ಲು ನಾಲ್ಕು ವಾರದ ನಂತರ ಬರುವುದರಿಂದ ಈ ಮರಿ ಮೂರೂವರೆ ವಾರದ ಆಸುಪಾಸು.

ಗಾತ್ರ ಮಾತ್ರ ಒಪ್ಪಲಿಲ್ಲ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ 270 ಗ್ರಾಂ ಬಂತು. ಹುಟ್ಟಿದಾಗ ಸುಮಾರು 100 ಗ್ರಾಂ ಇದ್ದು, ವಾರಕ್ಕೆ ಇನ್ನೊಂದು ನೂರರ ಹತ್ತಿರ ಏರುವುದು ವಾಡಿಕೆ. ಆ ಲೆಕ್ಕಕ್ಕೆ ಇದು ಎರಡು ವಾರದ ಮರಿ. ಹಸಿದ ಮರಿಯ ತೂಕ ನಿಂತುಬಿಡುತ್ತದೆ, ಹಲ್ಲು ಹಾಗೆ ನಿಲ್ಲುವುದು ಕಡಿಮೆ. ಹಾಗಾಗಿ ನಾನು ಹಲ್ಲನ್ನೇ ನಂಬುತ್ತೇನೆ. ತೂಕ ಕಮ್ಮಿ ಇದ್ದರೆ ವಯಸ್ಸು ಇಳಿಸುವುದಿಲ್ಲ, ಮರಿ ಸೊರಗಿದೆ ಅಂತ ಓದುತ್ತೇನೆ.

ಉತ್ತರ ಹೀಗೆ ಬರೆದೆ: "ಮೂರರಿಂದ ನಾಲ್ಕು ವಾರ, ಸೊರಗಿದೆ, ಕಣ್ಣಿಗೆ ಸೋಂಕು. ಕಾಸಿ ಆರಿಸಿದ ಉಗುರುಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ಪಿಸುರು ನೆನೆಸ್ರಿ, ರೆಪ್ಪೆ ಜಗ್ಗಬ್ಯಾಡ್ರಿ. ಇವತ್ತೇ ದನದ ದವಾಖಾನಿಗೆ ಒಯ್ರಿ." ಒಳಗೆ ಕೀವು ನಿಂತರೆ ಕಣ್ಣೇ ಹೋಗಬಹುದು.

ಈ ಲೆಕ್ಕ ಎರಡು ತಿಂಗಳವರೆಗೆ ಚೆನ್ನಾಗಿ ನಡೆಯುತ್ತದೆ. ಅಷ್ಟರಲ್ಲಿ 26 ಹಾಲುಹಲ್ಲೂ ಬಂದಿರುತ್ತವೆ, ಮರಿಗಣ್ಣಿನ ನೀಲಿಯೂ ಬಣ್ಣ ತಿರುಗಿರುತ್ತದೆ. ಅಲ್ಲಿಂದ, ಮುಂಭಾಗದ ಹಾಲುಹಲ್ಲು ಬೀಳಲು ಶುರುವಾಗುವ ಮೂರೂವರೆ ತಿಂಗಳವರೆಗೆ, ಫೋಟೋ ನೋಡಿ ವಾರ ಹೇಳುವವರ ಮಾತು ಬರೀ ಅಂದಾಜು, ನನ್ನದೂ ಸೇರಿ.