ಒಂ-ದು, ಎರ್-ಡು: ಹಾಡಿನ ಹಾಳೆಯಲ್ಲಿ ಲಯ ಓದುವುದು ಹೇಗೆ?

ಮಂಗಳೂರಿನ ನಮ್ಮ ಚರ್ಚಿನಲ್ಲಿ ನವೆಂಬರ್ ಮುಗಿಯುವ ಹೊತ್ತಿಗೆ ಕ್ರಿಸ್ಮಸ್ ಕ್ವಾಯರ್ ಅಭ್ಯಾಸ ಶುರುವಾಗುತ್ತದೆ. ಪ್ರತಿ ವರ್ಷ ಮೂರು-ನಾಲ್ಕು ಹೊಸಬರು ಬಂದು ಸೇರುತ್ತಾರೆ. ರಾಗವನ್ನು ಕಿವಿಯಿಂದಲೇ ಬೇಗ ಹಿಡಿದುಬಿಡುತ್ತಾರೆ. ಆದರೆ ಯಾವ ಸ್ವರವನ್ನು ಎಷ್ಟು ಎಳೆಯಬೇಕು, ಎಲ್ಲಿ ಸುಮ್ಮನಾಗಬೇಕು ಅನ್ನುವಲ್ಲಿ ಪಕ್ಕದವರ ಬಾಯಿ ನೋಡುತ್ತಾರೆ. ಅದೆಲ್ಲ ಅವರ ಕೈಯಲ್ಲಿರುವ ಹಾಳೆಯಲ್ಲೇ ಇದೆ. ನಾನು ಅವರಿಗೆ ಮೊದಲ ವಾರ ಸ್ವರಗಳ ಹೆಸರು ಹೇಳಿಕೊಡುವುದೇ ಇಲ್ಲ. ಲಯ ಮಾತ್ರ. ಇಲ್ಲಿಯೂ ಹಾಗೇ ಮಾಡೋಣ.

ಮೊದಲು ಪಾದ, ಆಮೇಲೆ ಹಾಳೆ

ಕುರ್ಚಿಯಲ್ಲಿ ಕುಳಿತು ಗೋಡೆ ಗಡಿಯಾರದ ಸೆಕೆಂಡ್ ಮುಳ್ಳಿನ ಜೊತೆ ಪಾದ ತಟ್ಟಿ. ಒಂದು ತಟ್ಟಿಗೆ ಒಂದು ಎಣಿಕೆ. ನಾಲ್ಕಾದ ಮೇಲೆ ಮತ್ತೆ ಒಂದು. ಹಾಳೆಯ ಆರಂಭದಲ್ಲಿ 4ರ ಮೇಲೆ 4 ಎಂದು ಬರೆದಿದ್ದರೆ ಅದರ ಅರ್ಥ ಇದೇ. ನಾಲ್ಕು ಎಣಿಕೆಗೊಮ್ಮೆ ನಿಂತ ಗೆರೆ ಬರುತ್ತದೆ. ಎರಡು ಗೆರೆಗಳ ನಡುವಿನ ಜಾಗವೇ ಬಾರ್. ತಾಳ ಹಾಕಿ ಗೊತ್ತಿದ್ದವರು ಇದನ್ನು ಒಂದು ಆವರ್ತ ಎಂದುಕೊಳ್ಳಿ.

ಈಗ ಎಣಿಕೆಯನ್ನು ಬಾಯಲ್ಲಿ ಹೇಳಿ: ಒಂ-ದು, ಎರ್-ಡು, ಮೂ-ರು, ನಾಲ್-ಕು. ಆಡುಮಾತಿನಲ್ಲಿ ಪ್ರತಿ ಸಂಖ್ಯೆಯೂ ಎರಡು ತುಂಡಾಗುತ್ತದೆ, ಅಲ್ವಾ? ಇಂಗ್ಲಿಷಿನಲ್ಲಿ ಎಣಿಸುವವರು ಅರ್ಧ ಎಣಿಕೆ ತೋರಿಸಲು 'ವನ್ ಆ್ಯಂಡ್ ಟೂ ಆ್ಯಂಡ್' ಎಂದು ನಡುವೆ ಒಂದು ಪದ ತುರುಕಬೇಕು. ನಮಗೆ ಅದು ಬೇಡ. ಪಾದ ನೆಲಕ್ಕೆ ತಾಗುವಾಗ 'ಒಂ', ಮೇಲೇಳುವಾಗ 'ದು'. ಎರಡೂ ತುಂಡು ಒಂದೇ ಅಳತೆಯಲ್ಲಿರಲಿ. ತುಳುವಿನಲ್ಲಿ ಒಂಜಿ, ಮೂಜಿ ಎಂದು ಎಣಿಸುವವರಿಗೂ ಇದು ಹೊಂದುತ್ತದೆ.

ನಾಲ್ಕು ಗುರುತುಗಳು

ಕಪ್ಪು ತುಂಬಿದ ತಲೆ, ಅದಕ್ಕೊಂದು ಕಡ್ಡಿ: ಇದು ಕ್ರೊಚೆಟ್. ಒಂದು ಎಣಿಕೆ. ಅದೇ ಕಡ್ಡಿಗೆ ಬಾಲ ಬಂದರೆ ಕ್ವೇವರ್, ಅರ್ಧ ಎಣಿಕೆ. ಎರಡು ಕ್ವೇವರ್ ಅಕ್ಕಪಕ್ಕ ಬಂದಾಗ ಬಾಲಗಳ ಬದಲು ಎರಡೂ ಕಡ್ಡಿಗಳನ್ನು ಸೇರಿಸುವ ಒಂದು ದಪ್ಪ ಪಟ್ಟಿ ಇರುವುದೇ ಜಾಸ್ತಿ. ತಲೆ ಟೊಳ್ಳಾಗಿ, ಕಡ್ಡಿ ಇದ್ದರೆ ಮಿನಿಮ್, ಎರಡು ಎಣಿಕೆ. ಟೊಳ್ಳು ತಲೆ ಮಾತ್ರ ಇದ್ದು ಕಡ್ಡಿಯೇ ಇಲ್ಲದಿದ್ದರೆ ಸೆಮಿಬ್ರೀವ್, ನಾಲ್ಕು ಎಣಿಕೆ. ಇವು ಬ್ರಿಟಿಷ್ ಹೆಸರುಗಳು. ಅಮೆರಿಕದ ವಿಡಿಯೊಗಳಲ್ಲಿ ಕ್ರೊಚೆಟ್ಟನ್ನು ಕ್ವಾರ್ಟರ್ ನೋಟ್, ಮಿನಿಮನ್ನು ಹಾಫ್ ನೋಟ್ ಎನ್ನುತ್ತಾರೆ. ಗುರುತು ಅದೇ.

ಕಡ್ಡಿ ಮೇಲಕ್ಕಿದೆಯೋ ಕೆಳಕ್ಕಿದೆಯೋ ಎಂಬುದಕ್ಕೂ ಅಳತೆಗೂ ಸಂಬಂಧವಿಲ್ಲ. ಹೊಸಬರು ಇಲ್ಲಿ ಸುಮ್ನೆ ಗಾಬರಿಯಾಗುತ್ತಾರೆ.

ಮೌನಕ್ಕೂ ಅಳತೆ ಇದೆ

ಪ್ರತಿ ಅಳತೆಗೂ ಒಂದು ಮೌನದ ಗುರುತಿದೆ. ಅದಕ್ಕೆ ರೆಸ್ಟ್ ಎನ್ನುತ್ತಾರೆ. ಒಂದು ಎಣಿಕೆಯ ರೆಸ್ಟ್ ಅಂಕುಡೊಂಕಾಗಿ ಕೆಳಗಿಳಿಯುವ ಗೆರೆ. ಅರ್ಧ ಎಣಿಕೆಯದು ತಲೆಗೆ ಚುಕ್ಕೆ ಇಟ್ಟ 7ರ ಹಾಗೆ. ಎರಡು ಮತ್ತು ನಾಲ್ಕು ಎಣಿಕೆಯ ರೆಸ್ಟ್‌ಗಳು ಮಾತ್ರ ಒಂದೇ ತರಹದ ಪುಟ್ಟ ಕಪ್ಪು ಇಟ್ಟಿಗೆಗಳು. ಎರಡು ಎಣಿಕೆಯದು ಹಾಳೆಯ ಅಡ್ಡಗೆರೆಯ ಮೇಲೆ ಜಗಲಿಯಲ್ಲಿ ಕುಳಿತ ಹಾಗೆ ಕುಳಿತಿರುತ್ತದೆ. ನಾಲ್ಕು ಎಣಿಕೆಯದು ಮಾಡಿನಿಂದ ನೇತುಹಾಕಿದ ಹಾಗೆ ಅಡ್ಡಗೆರೆಯ ಕೆಳಗೆ ತೂಗುತ್ತದೆ. ಈ ತೂಗುವ ಗುರುತು ಬಾರಿನಲ್ಲಿ ಒಂಟಿಯಾಗಿದ್ದರೆ 'ಈ ಬಾರ್ ಪೂರ್ತಿ ಮೌನ' ಎಂದರ್ಥ. ಬಾರಿಗೆ ಮೂರೇ ಎಣಿಕೆ ಇದ್ದಾಗಲೂ ಅದನ್ನೇ ಬರೆಯುತ್ತಾರೆ.

ರೆಸ್ಟ್ ಬಂದಾಗ ಬಾಯಿ ನಿಲ್ಲಬೇಕು, ಪಾದ ನಿಲ್ಲಬಾರದು. ಪಾದವೂ ನಿಂತರೆ ಆ ಎಣಿಕೆ ಕಳೆದುಹೋಗುತ್ತದೆ, ಮುಂದಿನ ಸ್ವರ ತಪ್ಪು ಜಾಗಕ್ಕೆ ಬೀಳುತ್ತದೆ.

ಚುಕ್ಕೆ: ಎಲ್ಲರೂ ಎಡವುವ ಜಾಗ

ತಲೆಯ ಬಲಗಡೆ ಒಂದು ಚುಕ್ಕೆ ಇದ್ದರೆ ಆ ಸ್ವರಕ್ಕೆ ಅದರ ಅರ್ಧ ಇನ್ನೂ ಸೇರುತ್ತದೆ. ಮಿನಿಮ್ ಎರಡು, ಚುಕ್ಕೆಯ ಮಿನಿಮ್ ಮೂರು. ಕ್ರೊಚೆಟ್ ಒಂದು, ಚುಕ್ಕೆಯ ಕ್ರೊಚೆಟ್ ಒಂದೂವರೆ. ಚುಕ್ಕೆ ಅಂದರೆ ಯಾವಾಗಲೂ ಅರ್ಧ ಎಣಿಕೆ ಎಂದು ಬಾಯಿಪಾಠ ಮಾಡಬೇಡಿ. ಯಾರ ಪಕ್ಕ ನಿಂತಿದೆಯೋ ಅವರ ಅರ್ಧ. ತಲೆಯ ಮೇಲೆ ಅಥವಾ ಕೆಳಗೆ ಇರುವ ಚುಕ್ಕೆ ಬೇರೆಯೇ. ಅದು ಸ್ವರವನ್ನು ಚುಟುಕಾಗಿ ಕತ್ತರಿಸಿ ಹಾಡಲು ಹೇಳುವ ಗುರುತು.

ಚುಕ್ಕೆಯ ಕ್ರೊಚೆಟ್ ಆದಮೇಲೆ ಒಂದು ಕ್ವೇವರ್ ಬರುವುದು ಹಾಡುಗಳಲ್ಲಿ ತುಂಬಾ ಸಾಮಾನ್ಯ. ಒಂದೂವರೆಗೆ ಅರ್ಧ ಸೇರಿ ಎರಡು. ಲೆಕ್ಕ ಸುಲಭ, ಹಾಡುವುದು ಕಷ್ಟ. ಹೊಸಬರು ಚುಕ್ಕೆಯನ್ನು ಮರೆತು 'ಎರ್' ಬಂದ ಕೂಡಲೇ ಕ್ವೇವರಿಗೆ ಹಾರುತ್ತಾರೆ. ಪರೀಕ್ಷಿಸುವುದು ಹೀಗೆ: ಒಂ-ದು-ಎರ್ ಮೂರೂ ತುಂಡು ಮುಗಿಯುವ ತನಕ ಸ್ವರ ಎಳೆಯಿರಿ. ಕ್ವೇವರ್ ಬೀಳಬೇಕಾದದ್ದು 'ಡು' ಮೇಲೆ, ಅಂದರೆ ಎರಡನೇ ತಟ್ಟಿನ ನಂತರ ಪಾದ ಗಾಳಿಯಲ್ಲಿರುವಾಗ. ಪಾದ ನೆಲದಲ್ಲಿದ್ದಾಗಲೇ ಕ್ವೇವರ್ ಕೇಳಿದರೆ ಬೇಗ ಹಾರಿದ್ದೀರಿ.

ಟೈ: ಎರಡು ತಲೆ, ಒಂದೇ ಸದ್ದು

ಒಂದೇ ಎತ್ತರದಲ್ಲಿರುವ ಎರಡು ಸ್ವರಗಳ ತಲೆಯನ್ನು ಒಂದು ಬಾಗಿದ ಗೆರೆ ಸೇರಿಸಿದರೆ ಅದು ಟೈ. ಮೊದಲನೆಯದನ್ನು ಹಾಡಿ, ಎರಡರ ಅಳತೆ ಕೂಡಿದಷ್ಟು ಹೊತ್ತು ಹಿಡಿಯಿರಿ. ಎರಡನೆಯದನ್ನು ಮತ್ತೆ ಹಾಡಬಾರದು. ಕ್ರೊಚೆಟ್ಟಿಗೆ ಕ್ವೇವರ್ ಟೈ ಆದರೆ ಒಂದೂವರೆ, ಚುಕ್ಕೆಯ ಕ್ರೊಚೆಟ್ಟಿನಷ್ಟೇ. ಹಾಗಾದರೆ ಎರಡು ಪದ್ಧತಿ ಯಾಕೆ? ಸ್ವರ ಬಾರಿನ ಗೆರೆ ದಾಟಬೇಕಾದಾಗ ಟೈ ಬೇಕೇ ಬೇಕು. ಗೆರೆಯ ಈಚೆಗೆ ಒಂದು ಪಾಲು, ಆಚೆಗೆ ಇನ್ನೊಂದು ಪಾಲು ಬರೆದು ಸೇರಿಸುತ್ತಾರೆ. ಬಾಗಿದ ಗೆರೆಯ ಎರಡು ತುದಿಗಳ ಸ್ವರ ಬೇರೆ ಬೇರೆ ಎತ್ತರದಲ್ಲಿದ್ದರೆ ಅದು ಟೈ ಅಲ್ಲ, ಸ್ಲರ್. ಆಗ ಎಲ್ಲ ಸ್ವರಗಳನ್ನೂ ಹಾಡಬೇಕು, ಕಡಿಯದೆ ಜೋಡಿಸಿ.

ಈಗ ನಾಲ್ಕು ಬಾರ್ ಓದಿ

ಈ ನಾಲ್ಕು ಸಾಲನ್ನು ಒಂದು ಚೀಟಿಯಲ್ಲಿ ಗುರುತುಗಳಲ್ಲೇ ಬರೆದುಕೊಳ್ಳಿ.

ಬಾರ್ 1: ಕ್ರೊಚೆಟ್, ಕ್ರೊಚೆಟ್, ಎರಡು ಕ್ವೇವರ್, ಕ್ರೊಚೆಟ್.
ಬಾರ್ 2: ಚುಕ್ಕೆಯ ಕ್ರೊಚೆಟ್, ಕ್ವೇವರ್, ಮಿನಿಮ್.
ಬಾರ್ 3: ಕ್ರೊಚೆಟ್, ಕ್ರೊಚೆಟ್ ರೆಸ್ಟ್, ಕ್ರೊಚೆಟ್, ಕ್ರೊಚೆಟ್. ಈ ಕೊನೆಯದಕ್ಕೆ ಮುಂದಿನ ಬಾರಿನ ಮಿನಿಮ್ ಟೈ ಆಗಿದೆ.
ಬಾರ್ 4: ಆ ಮಿನಿಮ್, ಆಮೇಲೆ ಎರಡು ಎಣಿಕೆಯ ರೆಸ್ಟ್.

ಮೊದಲು ಪ್ರತಿ ಬಾರ್ ಕೂಡಿಸಿ ನೋಡಿ. ಎಲ್ಲವೂ ನಾಲ್ಕಾಗಬೇಕು. ಎರಡನೇ ಬಾರ್: ಒಂದೂವರೆ, ಅರ್ಧ, ಎರಡು. ಸರಿಯಾಯಿತು. ಆಮೇಲೆ ಪಾದ ತಟ್ಟುತ್ತಾ ಮೆಲ್ಲಗೆ ಎಣಿಸಿ, ಸ್ವರ ಹುಟ್ಟುವ ತುಂಡಿನ ಮೇಲೆ ಮಾತ್ರ ಚಪ್ಪಾಳೆ ಹಾಕಿ. ಒಂದನೇ ಬಾರಿನಲ್ಲಿ ಒಂ, ಎರ್, ಮೂ, ರು, ನಾಲ್. ಎರಡನೆಯದರಲ್ಲಿ ಒಂ, ಡು, ಮೂ. ಮೂರನೆಯದರಲ್ಲಿ ಒಂ, ಮೂ, ನಾಲ್. ನಾಲ್ಕನೆಯದರಲ್ಲಿ ಚಪ್ಪಾಳೆಯೇ ಇಲ್ಲ.

ಚೀಟಿಯಲ್ಲಿ ಹನ್ನೆರಡು ತಲೆಗಳಿವೆ. ಚಪ್ಪಾಳೆ ಹನ್ನೊಂದೇ ಬರಬೇಕು. ಹನ್ನೆರಡು ಬಂದರೆ ಟೈ ಆದ ಮಿನಿಮ್ ಮೇಲೆ ಮತ್ತೆ ತಟ್ಟಿರುತ್ತೀರಿ. ಹನ್ನೊಂದು ಬಂದೂ ಏನೋ ಸರಿ ಕೇಳದಿದ್ದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಎರಡನೇ ಬಾರಿನ 'ಡು' ಒಂದನ್ನೇ ಕೇಳಿ. ನಮ್ಮ ಕ್ವಾಯರಿನಲ್ಲಿ ತಪ್ಪು ಸಿಗುವುದು ಹೆಚ್ಚಾಗಿ ಅಲ್ಲೇ.

ಚಪ್ಪಾಳೆ ಸ್ವರದ ಆರಂಭ ಮಾತ್ರ ಹೇಳುತ್ತದೆ, ಎಷ್ಟು ಹೊತ್ತು ಉಳಿಯಿತು ಎಂದು ಹೇಳುವುದಿಲ್ಲ. ಹಾಗಾಗಿ ಕೊನೆಯ ಸುತ್ತಿನಲ್ಲಿ ಚಪ್ಪಾಳೆ ಬಿಟ್ಟು, ಎಣಿಕೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು 'ತಾ' ಎಂದು ಹಾಡಿ. ಮೂರನೇ ಬಾರಿನ ನಾಲ್ಕಕ್ಕೆ ಹುಟ್ಟಿದ 'ತಾ' ಗೆರೆ ದಾಟಿ, ಮುಂದಿನ ಎರಡು ತಟ್ಟುಗಳ ಮೇಲೆ ಸಾಗಿ, ಮೂರನೇ ತಟ್ಟು ನೆಲಕ್ಕೆ ತಾಗಿದ ಕ್ಷಣದಲ್ಲಿ ನಿಲ್ಲಬೇಕು.